ಎತ್ತಿನ ತಲೆಯಿಂದ ಇಂಗ್ಲಿಷಿನ 'ಎ' ತನಕ: ಫಿನೀಷಿಯನ್ ಅಕ್ಷರಗಳ ಟಿಪ್ಪಣಿ

ಒಂದನೇ ಕ್ಲಾಸಿನ ಗೋಡೆಯ ಚಾರ್ಟ್ ನೆನಪಿದೆಯಾ? 'ಆ' ಪಕ್ಕ ಆನೆ, 'ಇ' ಪಕ್ಕ ಇಲಿ. ಈಗ ಅಕ್ಷರಗಳನ್ನು ಅಳಿಸಿ, ಚಿತ್ರಗಳನ್ನಷ್ಟೇ ಉಳಿಸಿಕೊಳ್ಳಿ. ಮನೆಯ ಚಿತ್ರ ಬರೆದು ಪಕ್ಕದಲ್ಲಿ ರಥದ ಚಿತ್ರ ಬರೆಯಿರಿ. ಅದನ್ನು 'ಮನೆ, ರಥ' ಅಂತ ಓದಬಾರದು. ಮೊದಲ ಸದ್ದು ಮಾತ್ರ ತೆಗೆದುಕೊಳ್ಳಬೇಕು: ಮ, ರ. ಮರ! ಈ ಪಾಠದ ಜೀವ ಇಷ್ಟೇ.

ಈಜಿಪ್ಟಿನ ಚಿತ್ರಲಿಪಿಯಲ್ಲಿ ನೂರಾರು ಚಿಹ್ನೆಗಳಿದ್ದವು. ಕೆಲವು ಇಡೀ ಪದಕ್ಕೆ, ಕೆಲವು ಸದ್ದಿಗೆ, ಇನ್ನು ಕೆಲವು ಸುಮ್ನೆ ಅರ್ಥದ ಸುಳಿವಿಗೆ. ಒಂದೊಂದೇ ವ್ಯಂಜನಕ್ಕೆ ನಿಲ್ಲುವ ಸುಮಾರು 24 ಚಿಹ್ನೆಗಳೂ ಅದರಲ್ಲೇ ಇದ್ದವು. ಅಷ್ಟರಲ್ಲೇ ಬರೆಯಬಹುದಿತ್ತು, ಅಲ್ವಾ? ಆದರೆ ಅಲ್ಲಿನ ಲಿಪಿಕಾರರು ಉಳಿದದ್ದನ್ನು ಬಿಡಲಿಲ್ಲ. ಬಿಟ್ಟವರು ಪಕ್ಕದ ಸೆಮಿಟಿಕ್ ಭಾಷೆಯವರು, ಅಂದರೆ ಹೀಬ್ರೂ, ಅರಬ್ಬಿ ಸೇರಿದ ಭಾಷಾ ಕುಟುಂಬದವರು. ಅವರು ಚಿತ್ರಗಳನ್ನಷ್ಟೇ ತೆಗೆದುಕೊಂಡು, ತಮ್ಮ ಭಾಷೆಯ ಹೆಸರಿನ ಮೊದಲ ಸದ್ದನ್ನು ಅವಕ್ಕೆ ಕೊಟ್ಟರು.

ಇದು ಗೊತ್ತಾದ ಬಗೆಯನ್ನು ನೋಡೋಣ. ಈಜಿಪ್ಟಿನ ಸಿನಾಯ್ ಮರುಭೂಮಿಯ ಸೆರಾಬಿತ್ ಅಲ್-ಖಾದಿಮ್ ಎಂಬಲ್ಲಿ ನೀಲಿ-ಹಸಿರು ಕಲ್ಲಿನ, ಅಂದರೆ ಟರ್ಕ್ವಾಯ್ಸ್‌ನ ಗಣಿಗಳಿದ್ದವು. 1905ರಲ್ಲಿ ಇಂಗ್ಲಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅಲ್ಲಿ ಅಗೆಯುವಾಗ ಒಂದು ಪುಟ್ಟ ಸ್ಫಿಂಕ್ಸ್ ಸಿಕ್ಕಿತು. ಅದರ ಮೇಲೆ ಎರಡು ಬಗೆಯ ಬರಹ. ಒಂದು ಈಜಿಪ್ಟಿನದು, ಹಾಥೋರ್ ದೇವಿಯ ಹೆಸರಿತ್ತು. ಇನ್ನೊಂದು ಯಾರಿಗೂ ತಿಳಿಯಲಿಲ್ಲ. 1916ರಲ್ಲಿ ಈಜಿಪ್ಟಿನ ಲಿಪಿ ಬಲ್ಲ ಅಲನ್ ಗಾರ್ಡಿನರ್ ಅಲ್ಲಿ ಸಿಕ್ಕ ಇಂಥ ಬರಹಗಳಲ್ಲಿ ನಾಲ್ಕು ಚಿಹ್ನೆಗಳ ಒಂದು ಸಾಲು ಮತ್ತೆ ಮತ್ತೆ ಬರುವುದನ್ನು ಗಮನಿಸಿದರು: ಮನೆ, ಕಣ್ಣು, ಎತ್ತು ಹೊಡೆಯುವ ಕೋಲು, ಕತ್ತರಿ ಗುರುತು. ಸೆಮಿಟಿಕ್ ಭಾಷೆಯಲ್ಲಿ ಮನೆಗೆ 'ಬೇತ್', ಕಣ್ಣಿಗೆ 'ಅಯಿನ್'. ಕೋಲು 'ಲಾಮೆದ್', ಗುರುತು 'ತಾವ್'. ಮೊದಲ ಸದ್ದುಗಳನ್ನು ಕೂಡಿಸಿದರೆ 'ಬಅಲತ್', ಅಂದರೆ ಒಡತಿ, ಅಮ್ಮನವರು. ಅಲ್ಲಿನ ಸೆಮಿಟಿಕ್ ಜನ ಹಾಥೋರ್‌ಳನ್ನು ಹಾಗೇ ಕರೆಯುತ್ತಿದ್ದರು ಅಂತಿಟ್ಟುಕೊಂಡರೆ ಎರಡು ಬರಹಗಳೂ ಹೊಂದುತ್ತವೆ. ಆದರೆ ಅಲ್ಲಿನ ಉಳಿದ ಬರಹಗಳಲ್ಲಿ ಬಹಳಷ್ಟು ಇಂದಿಗೂ ಸರಿಯಾಗಿ ಓದಲು ಬಂದಿಲ್ಲ.

ಮುಂದೆ ಚಿತ್ರಗಳು ಸವೆದು ಗೀಟುಗಳಾದವು. ಇಂದಿನ ಲೆಬನಾನ್ ಕರಾವಳಿ ಆಗ ಸೆಮಿಟಿಕ್ ಭಾಷೆಯ ಫಿನೀಷಿಯನ್ನರ ನಾಡು. ಅಲ್ಲಿನ ಬಿಬ್ಲೋಸ್‌ನಲ್ಲಿ ರಾಜ ಅಹಿರಾಮನ ಕಲ್ಲಿನ ಶವಪೆಟ್ಟಿಗೆ ಇತ್ತು. ಅದರ ಬರಹ ಸುಮಾರು ಕ್ರಿ.ಪೂ. 1000ದ್ದು. ಅಷ್ಟು ಹೊತ್ತಿಗೆ ಲಿಪಿ 22 ಅಕ್ಷರಗಳಿಗೆ ನಿಂತಿತ್ತು. ಎಲ್ಲವೂ ವ್ಯಂಜನ, ಬರೆಯುವುದು ಬಲದಿಂದ ಎಡಕ್ಕೆ. ಸ್ವರವನ್ನು ಓದುವವರೇ ತುಂಬಿಕೊಳ್ಳಬೇಕು. ಕನ್ನಡದಲ್ಲಿ ಹೀಗೆ ಮಾಡಿದರೆ 'ಮ್-ರ್' ಅನ್ನುವುದು ಮರವೋ, ಮಾರಿಯೋ, ಮೂರೋ, ಮೋರಿಯೋ ಗೊತ್ತಾಗುವುದಿಲ್ಲ. ಸೆಮಿಟಿಕ್ ಭಾಷೆಗಳಲ್ಲಿ ಪದದ ಮೂಲ ಅರ್ಥ ಹೆಚ್ಚಾಗಿ ವ್ಯಂಜನಗಳಲ್ಲೇ ಇರುವುದರಿಂದ ಅವರಿಗೆ ಇದು ನಡೆಯುತ್ತಿತ್ತು.

ಫಿನೀಷಿಯನ್ನರ ಬಂದರುಗಳಾದ ಟೈರ್, ಸಿಡೋನ್, ಬಿಬ್ಲೋಸ್‌ನ ಹಡಗುಗಳ ಜೊತೆ ಈ ಅಕ್ಷರಗಳು ಸೈಪ್ರಸ್, ಸಾರ್ಡೀನಿಯಾ, ಉತ್ತರ ಆಫ್ರಿಕಾದ ಕಾರ್ತೇಜ್ ತನಕ ಹೋದವು. ಗ್ರೀಕರಿಗೂ ತಲುಪಿದವು. ಇಲ್ಲಿ ನನಗೆ ತುಂಬ ಇಷ್ಟವಾದ ಭಾಗ ಬರುತ್ತದೆ.

ಎತ್ತಿನ ತಲೆಯ ಅಕ್ಷರದ ಹೆಸರು 'ಆಲೆಫ್'. ಅದರ ಮೊದಲ ಸದ್ದು 'ಅ' ಅಲ್ಲ. ಅದಕ್ಕೂ ಮುಂಚೆ ಗಂಟಲು ಒಂದು ಕ್ಷಣ ಮುಚ್ಚಿ ಬಿಡುವ ಸಣ್ಣ ತಡೆ ಇದೆ. ಸೆಮಿಟಿಕ್ ಕಿವಿಗೆ ಅದು ವ್ಯಂಜನ. ಗ್ರೀಕರ ಭಾಷೆಯಲ್ಲಿ ಅದು ಅಕ್ಷರವೆಂದು ಎಣಿಸುವ ಸದ್ದಾಗಿರಲಿಲ್ಲ. 'ಹೆಸರಿನ ಮೊದಲ ಸದ್ದೇ ಅಕ್ಷರದ ಸದ್ದು' ಎಂಬ ಹಳೇ ನಿಯಮವನ್ನೇ ಹಿಡಿದರು, ಕಿವಿಗೆ ಬಿದ್ದದ್ದು 'ಅ'. ಆಲೆಫ್ ಹೋಗಿ ಆಲ್ಫಾ ಆಯಿತು, ಸ್ವರವಾಯಿತು. ಕಣ್ಣಿನ 'ಅಯಿನ್' 'ಒ' ಆಯಿತು. ಅದರ ದುಂಡು ಆಕಾರ ಇಂದಿಗೂ ಇಂಗ್ಲಿಷಿನ 'ಓ'ದಲ್ಲಿದೆ. ಇಂಗ್ಲಿಷಿನ ದೊಡ್ಡ 'ಎ'ಯನ್ನು ತಲೆಕೆಳಗು ಮಾಡಿ ನೋಡಿ, ಎತ್ತಿನ ಎರಡು ಕೊಂಬು ಕಾಣುತ್ತವೆ. ಸ್ವರಗಳು ಹೀಗೆ ತಪ್ಪು ಕಿವಿಯಿಂದ ಬಂದವೋ, ಯಾರಾದರೂ ಯೋಚಿಸಿ ಮಾಡಿದರೋ ಎಂಬುದರ ಬಗ್ಗೆ ವಾದಗಳಿವೆ. ನನಗೆ ಮೊದಲನೆಯದೇ ಸರಿ ಅನಿಸುತ್ತದೆ.

ಪರೀಕ್ಷೆಯಲ್ಲಿ ಒಂದು ಎಚ್ಚರ. 'ವ್ಯಾಪಾರಿಗಳು ಲೆಕ್ಕ ಬರೆಯಲೆಂದೇ ಲಿಪಿ ಹರಡಿತು' ಅಂತ ಖಡಾಖಂಡಿತವಾಗಿ ಬರೆಯಬೇಡಿ. ಫಿನೀಷಿಯನ್ನರು ಪಪೈರಸ್ ಎಂಬ ಜೊಂಡಿನ ಹಾಳೆ ಮೇಲೆ ಬರೆದದ್ದು ಕೊಳೆತು ಹೋಗಿದೆ, ಲೆಕ್ಕದ ಪುಸ್ತಕಗಳು ನಮ್ಮ ಕೈಯಲ್ಲಿಲ್ಲ. ಹಡಗಿನ ದಾರಿಯಲ್ಲಿ ಅಕ್ಷರ ಹೋಯಿತು ಅನ್ನುವುದಕ್ಕೆ ಆಧಾರ ಜಾಸ್ತಿ. ಆದರೆ ಗ್ರೀಕರು ಈ ಅಕ್ಷರಗಳಲ್ಲಿ ಬರೆದ ತೀರಾ ಹಳೆಯ ಬರಹಗಳಲ್ಲಿ ಒಂದು, ಅಥೆನ್ಸ್‌ನ ಕ್ರಿ.ಪೂ. 740ರ ಸುಮಾರಿನ ಹೂಜಿಯ ಮೇಲಿನದು. ಅದರಲ್ಲಿ ಸರಕಿನ ಲೆಕ್ಕ ಇಲ್ಲ. ಎಲ್ಲರಿಗಿಂತ ಹಗುರವಾಗಿ ಕುಣಿಯುವವನ ಬಗ್ಗೆ ಪದ್ಯದ ಸಾಲಿದೆ, ಬಲದಿಂದ ಎಡಕ್ಕೆ ಗೀಚಿದ್ದು.