ಮಾರಿದ ಪಿಂಚಣಿಯ ಲೆಕ್ಕ

ಹೋದ ತಿಂಗಳು ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬರು ಬಂದಿದ್ದರು. 2004ಕ್ಕಿಂತ ಮೊದಲು ಸೇರಿದವರು, ಹಾಗಾಗಿ ಹಳೆಯ ಪಿಂಚಣಿ. "ಮೇಡಂ, ಮೂವತ್ತಾರು ವರ್ಷ ದುಡಿದೆ. ಇಪ್ಪತ್ತೆಂಟು ವರ್ಷ ಮಾಡಿದವರಿಗೂ ಅರ್ಧ ಸಂಬಳವೇ ಪಿಂಚಣಿ. ಇದು ನ್ಯಾಯವೇ?" ಎಂದು ಕೇಳಿದರು.

ಕೇಂದ್ರದ ನಿಯಮ ಹಾಗೇ ಇದೆ. ಹಿಂದೆ 33 ವರ್ಷ ತುಂಬದಿದ್ದರೆ ಪಿಂಚಣಿ ಕತ್ತರಿಸುತ್ತಿದ್ದರು. 2006ರಿಂದ ಅದು ಹೋಯಿತು. ಈಗ ಅರ್ಹ ಸೇವೆ 10 ವರ್ಷ ದಾಟಿದರೆ ಸಾಕು, ಕೊನೆಯ ಬೇಸಿಕ್‌ನ ಅರ್ಧ ಸಿಗುತ್ತದೆ. ಕೊನೆಯ ಹತ್ತು ತಿಂಗಳ ಸರಾಸರಿ ಜಾಸ್ತಿಯಿದ್ದರೆ ಅದರ ಅರ್ಧ. ಮೂರು ತಿಂಗಳು ತುಂಬಿದ ಚೂರನ್ನು ಅರ್ಧ ವರ್ಷ ಎಂದೇ ಎಣಿಸುತ್ತಾರೆ. ಆದ್ದರಿಂದ 9 ವರ್ಷ 9 ತಿಂಗಳು ಮಾಡಿದವರೂ ಒಳಗೆ ಬರುತ್ತಾರೆ. ರಾಜ್ಯ ಸರ್ಕಾರದವರ ನಿಯಮ ಬೇರೆ, ಇದನ್ನು ಅದಕ್ಕೆ ಹಚ್ಚಬೇಡಿ.

ಅವರ ಕೊನೆಯ ಬೇಸಿಕ್ 70,000. ಪಿಂಚಣಿ 35,000. ಅದರಲ್ಲಿ 40% ವರೆಗೆ ಮಾರಬಹುದು, ಅಂದರೆ ತಿಂಗಳ ಪಿಂಚಣಿಯ ಆ ಭಾಗ ಬಿಟ್ಟುಕೊಟ್ಟು ಒಟ್ಟಿಗೆ ಹಣ ಪಡೆಯಬಹುದು. ಇದಕ್ಕೆ ಕಮ್ಯೂಟೇಷನ್ ಎನ್ನುತ್ತಾರೆ. ಇವರು ಪೂರ್ತಿ 14,000 ಮಾರಿದರು. ವರ್ಷಕ್ಕೆ 1,68,000. ಅದನ್ನು ವಯಸ್ಸಿನ ಅಂಶದಿಂದ ಗುಣಿಸಬೇಕು. ಅರವತ್ತಕ್ಕೆ ನಿವೃತ್ತರಾದವರಿಗೆ ಮುಂದಿನ ಹುಟ್ಟುಹಬ್ಬ 61ನೆಯದು, ಅದಕ್ಕೆ 8.194. ಬಂದದ್ದು 13,76,592 ರೂಪಾಯಿ. ಇದಕ್ಕೆ ಆದಾಯ ತೆರಿಗೆ ಇಲ್ಲ. ತಿಂಗಳಿಗೆ ಉಳಿದದ್ದು 21,000.

ಹದಿನೈದು ವರ್ಷ ಕಳೆದ ಮೇಲೆ ಆ 14,000 ವಾಪಸ್ ಸೇರುತ್ತದೆ. ಅಷ್ಟರಲ್ಲಿ ಕಡಿತವಾದದ್ದು 25,20,000. ಹದಿಮೂರು ಮುಕ್ಕಾಲು ಲಕ್ಷಕ್ಕೆ ಇಪ್ಪತ್ತೈದು ಲಕ್ಷವಾ ಎಂದು ಬೆಚ್ಚಿಬಿದ್ದರು. ಬಡ್ಡಿಯಲ್ಲಿ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 9% ಆಗುತ್ತದೆ. ಬ್ಯಾಂಕಿನ ಠೇವಣಿಗೆ ಹಾಕಲೆಂದೇ ಮಾರುವುದು ನನಗೆ ಸರಿ ಕಾಣುವುದಿಲ್ಲ. ಮನೆ ಸಾಲ ತೀರಿಸುವುದಿದ್ದರೆ ಮಾತು ಬೇರೆ. ಇನ್ನೊಂದು ವಿಷಯವಿದೆ: ಪಿಂಚಣಿದಾರರು ನಡುವೆ ತೀರಿಕೊಂಡರೆ ಉಳಿದ ಕಂತು ಯಾರಿಂದಲೂ ವಸೂಲಾಗುವುದಿಲ್ಲ. ಕುಟುಂಬ ಪಿಂಚಣಿಯೂ ಕಡಿಮೆಯಾಗುವುದಿಲ್ಲ, ಅದನ್ನು ಕೊನೆಯ ಬೇಸಿಕ್ ಮೇಲೆಯೇ ಎಣಿಸುತ್ತಾರೆ. ಬೇರೆ ಸಾಲದಲ್ಲಿ ಈ ಅನುಕೂಲ ಎಲ್ಲಿದೆ, ಅಲ್ವಾ?

ಅವರು ನಿಜವಾಗಿ ಬಂದದ್ದು ಪಾಸ್‌ಬುಕ್ ತೋರಿಸಲು. ಬಂದ ಹಣ ಕಡಿಮೆ ಅನ್ನಿಸಿತ್ತು. ನೋಡಿದರೆ ಪಿಂಚಣಿ ಕೊಡುವವರು ತುಟ್ಟಿಭತ್ಯೆಯನ್ನು 21,000ದ ಮೇಲೆ ಕಟ್ಟಿದ್ದರು. ಅದು ತಪ್ಪು. ಎಷ್ಟೇ ಮಾರಿದರೂ ತುಟ್ಟಿಭತ್ಯೆ ಮೂಲ ಪಿಂಚಣಿಯ ಮೇಲೆ, ಇಲ್ಲಿ 35,000ದ ಮೇಲೆ ಬರಬೇಕು. ದರ 50% ಎಂದಿಟ್ಟುಕೊಳ್ಳಿ: ಸರಿಯಾದದ್ದು 17,500, ಅವರ ರೀತಿಯಲ್ಲಿ 10,500. ತಿಂಗಳಿಗೆ ಏಳು ಸಾವಿರ ಸುಮ್ನೆ ಹೋಗುತ್ತಿತ್ತು.

ಪಿಪಿಒ ಅಂದರೆ ಪಿಂಚಣಿ ಪಾವತಿ ಆದೇಶ, ಅದರ ಪ್ರತಿಯ ಜೊತೆ ಒಂದು ಅರ್ಜಿ ಬರೆದುಕೊಟ್ಟೆ. ಮುಂದಿನ ತಿಂಗಳೇ ಬಾಕಿ ಬಂತು. ಕಡಿತ ಶುರುವಾದ ತಾರೀಖನ್ನೂ ಅದೇ ಪಿಪಿಒ ಪ್ರತಿಯ ಮೇಲೆ ಬರೆದಿಟ್ಟುಕೊಳ್ಳಲು ಹೇಳಿದ್ದೇನೆ. ಹದಿನೈದು ವರ್ಷ ಎಣಿಸುವುದು ಆ ದಿನದಿಂದಲೇ.