ಏಳು ಕ್ವಿಂಟಲ್ ಟೆಂಪೊ, ನಾಲ್ಕು ಪಾರ್ಟಿಗಳ ಮಾಲು: ನ್ಯಾಪ್‌ಸ್ಯಾಕ್ ಕೋಷ್ಟಕ ತುಂಬುವುದು ಹೇಗೆ

ಕಲಬುರಗಿಯ ಗಂಜ್‌ನಿಂದ ಒಂದು ಸಣ್ಣ ಟೆಂಪೊ ಹುಮನಾಬಾದ್ ಮೇಲಿಂದ ಬೀದರ್‌ಗೆ ಹೊರಡಬೇಕು. ಅದರಲ್ಲಿ 7 ಕ್ವಿಂಟಲ್ ಹೇರಬಹುದು, ಅದಕ್ಕಿಂತ ಜಾಸ್ತಿ ಇಲ್ಲ. ನಾಲ್ಕು ಪಾರ್ಟಿಗಳ ಮಾಲು ಕಾದು ನಿಂತಿದೆ. ಲೆಕ್ಕ ಕೈಯಲ್ಲೇ ಮಾಡಲು ಬರಲಿ ಎಂದು ಅಂಕಿಗಳನ್ನು ಚಿಕ್ಕದಾಗಿ ಇಟ್ಟಿದ್ದೇನೆ.

| ಮಾಲು | ಭಾರ (ಕ್ವಿಂಟಲ್) | ಬಾಡಿಗೆ (ರೂ.) |
|---|---|---|
| ಶೇಂಗಾ ಹಿಂಡಿ | 2 | 200 |
| ಬಿಳಿಜೋಳ | 3 | 450 |
| ಶಹಾಬಾದ್ ಕಲ್ಲು | 4 | 640 |
| ತೊಗರಿ ಬೇಳೆ | 5 | 850 |

ಷರತ್ತು ಒಂದೇ. ಒಬ್ಬ ಪಾರ್ಟಿಯ ಮಾಲನ್ನು ಪೂರ್ತಿ ಹೇರಬೇಕು, ಇಲ್ಲವೇ ಪೂರ್ತಿ ಬಿಡಬೇಕು. ಅರ್ಧ ಈಗ, ಅರ್ಧ ನಾಳೆ ಎನ್ನುವಂತಿಲ್ಲ. ಈ ಷರತ್ತಿನಿಂದಲೇ ಇದಕ್ಕೆ 0/1 ನ್ಯಾಪ್‌ಸ್ಯಾಕ್ ಎಂಬ ಹೆಸರು: ಪ್ರತಿ ಮಾಲಿಗೂ ಉತ್ತರ 0 ಅಥವಾ 1. ನಮಗೆ ಬೇಕಾದದ್ದು ಅತಿ ಹೆಚ್ಚು ಬಾಡಿಗೆ ತರುವ ಲೋಡ್.

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಕ್ವಿಂಟಲ್‌ಗೆ ಎಷ್ಟು ಸಿಗುತ್ತದೆ ಎಂದು ನೋಡುವುದು. ತೊಗರಿ ಬೇಳೆಗೆ ಕ್ವಿಂಟಲ್‌ಗೆ 170 ರೂ., ಕಲ್ಲಿಗೆ 160, ಜೋಳಕ್ಕೆ 150, ಹಿಂಡಿಗೆ 100. ಹಾಗಾಗಿ ಮೊದಲು ಬೇಳೆ ಹೇರುತ್ತೇವೆ, 5 ಕ್ವಿಂಟಲ್ ಹೋಯಿತು. ಉಳಿದ 2ರಲ್ಲಿ ಕಲ್ಲೂ ಹಿಡಿಸುವುದಿಲ್ಲ, ಜೋಳವೂ ಹಿಡಿಸುವುದಿಲ್ಲ, ಹಿಂಡಿ ಮಾತ್ರ ಹಿಡಿಸುತ್ತದೆ. ಒಟ್ಟು 1050 ರೂ. ಆದರೆ ಬೇಳೆಯನ್ನು ಬಿಟ್ಟು ಕಲ್ಲು ಮತ್ತು ಜೋಳ ಹೇರಿದರೆ ಸರಿಯಾಗಿ 7 ಕ್ವಿಂಟಲ್, 1090 ರೂ. ಅತಿ ಒಳ್ಳೆಯ ದರದ ಮಾಲು ಕೆಳಗೇ ಉಳಿಯಿತು, ಆದರೂ 40 ರೂ. ಜಾಸ್ತಿ ಬಂತು. ಬೇಳೆ ಹೇರಿದ ಮೇಲೆ ಉಳಿಯುವ ಜಾಗಕ್ಕೆ ತಕ್ಕ ಒಳ್ಳೆಯ ಮಾಲು ಇರಲಿಲ್ಲ, ಅದೇ ಕಾರಣ. ದರ ನೋಡಿ ಆರಿಸುವ ವಿಧಾನಕ್ಕೆ ಈ ಉಳಿಯುವ ಜಾಗ ಕಾಣುವುದೇ ಇಲ್ಲ.

ಮಾಲನ್ನು ಒಡೆಯಬಹುದಾಗಿದ್ದರೆ ಆ ವಿಧಾನವೇ ಸರಿ. ಬೇಳೆ ಪೂರ್ತಿ, ಮೇಲೆ 2 ಕ್ವಿಂಟಲ್ ಕಲ್ಲು: 850 + 320 = 1170 ರೂ. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಒಡೆಯದೆ ಸಿಗುವ ಉತ್ತರ ಯಾವತ್ತೂ ಇದನ್ನು ಮೀರುವುದಿಲ್ಲ. ನಿಮ್ಮ ಪ್ರೋಗ್ರಾಂ 1170ಕ್ಕಿಂತ ಹೆಚ್ಚು ಕೊಟ್ಟರೆ ಅದರಲ್ಲಿ ತಪ್ಪಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಕೊನೆಯ ಮಾಲನ್ನು ಕೇಳುವ ಪ್ರಶ್ನೆ

1950ರ ದಶಕದಲ್ಲಿ ರಿಚರ್ಡ್ ಬೆಲ್‌ಮನ್ ಡೈನಾಮಿಕ್ ಪ್ರೋಗ್ರಾಮಿಂಗ್ ಎಂದು ಹೆಸರಿಟ್ಟ ವಿಧಾನ ಇಲ್ಲಿ ಒಂದೇ ಪ್ರಶ್ನೆಯಿಂದ ಶುರುವಾಗುತ್ತದೆ. ಪಟ್ಟಿಯ ಕೊನೆಯ ಮಾಲನ್ನು ಹೇರಬೇಕಾ, ಬಿಡಬೇಕಾ?

ಬಿಟ್ಟರೆ, ಅದರ ಮೇಲಿನ ಮಾಲುಗಳಿಂದ ಅದೇ 7 ಕ್ವಿಂಟಲ್‌ಗೆ ಸಿಗುವ ಉತ್ತಮ ಬಾಡಿಗೆಯೇ ನಮ್ಮ ಉತ್ತರ. ಹೇರಿದರೆ ಅದರ ಬಾಡಿಗೆ ಕೈಗೆ ಬಂತು, ಜಾಗ ಅಷ್ಟು ಕಡಿಮೆಯಾಯಿತು. ಉಳಿದ ಜಾಗಕ್ಕೆ ಮೇಲಿನ ಮಾಲುಗಳಿಂದ ಸಿಗುವ ಉತ್ತಮ ಬಾಡಿಗೆಯನ್ನು ಅದಕ್ಕೆ ಕೂಡಿಸುತ್ತೇವೆ. ಎರಡರಲ್ಲಿ ದೊಡ್ಡದನ್ನು ಇಟ್ಟುಕೊಳ್ಳುತ್ತೇವೆ. ಸೂತ್ರದಲ್ಲಿ ಹೀಗೆ:

```
best[i][w] = max( best[i-1][w],
                  v[i] + best[i-1][w - wt[i]] )
```

ಇಲ್ಲಿ `i` ಎಂದರೆ ಮೊದಲ ಎಷ್ಟು ಮಾಲುಗಳನ್ನು ನೋಡಿದ್ದೇವೆ, `w` ಎಂದರೆ ಎಷ್ಟು ಜಾಗವಿದೆ. `v[i]` ಎಂದರೆ `i`ನೇ ಮಾಲಿನ ಬಾಡಿಗೆ, `wt[i]` ಎಂದರೆ ಅದರ ಭಾರ. ಮಾಲು ಆ ಜಾಗದಲ್ಲಿ ಹಿಡಿಸದಿದ್ದರೆ ಎರಡನೇ ಆಯ್ಕೆ ಇಲ್ಲ, ಮೇಲಿನ ಸಂಖ್ಯೆಯೇ ಕೆಳಗಿಳಿಯುತ್ತದೆ.

ಉಳಿದ ಜಾಗಕ್ಕೆ ಉತ್ತಮ ಉತ್ತರವನ್ನೇ ಕೂಡಿಸಿದರೆ ಸಾಕು ಎಂದು ಯಾಕೆ ಧೈರ್ಯವಾಗಿ ಹೇಳಬಹುದು? ಕಲ್ಲು ಹೇರಿದ್ದೇವೆ, 3 ಕ್ವಿಂಟಲ್ ಜಾಗ ಉಳಿದಿದೆ ಎನ್ನೋಣ. ಆ 3ರಲ್ಲಿ ನಾವು ಇಟ್ಟಿದ್ದಕ್ಕಿಂತ ಹೆಚ್ಚು ಬಾಡಿಗೆಯ ಮಾಲು ಸಿಕ್ಕರೆ, ಕಲ್ಲನ್ನು ಮುಟ್ಟದೆ ಆ ಭಾಗವನ್ನಷ್ಟೇ ಬದಲಾಯಿಸಬಹುದು. ಒಟ್ಟು ಬಾಡಿಗೆ ಆಗ ಏರುತ್ತದೆ. ಅಂದರೆ ಇಡೀ ಲೋಡ್ ಉತ್ತಮವಾಗಿರಬೇಕಾದರೆ ಉಳಿದ ಭಾಗವೂ ಉತ್ತಮವಾಗಿರಲೇಬೇಕು. ಈ ವಾದ ಮನಸ್ಸಿಗೆ ಹಿಡಿದರೆ ಸೂತ್ರವನ್ನು ಬಾಯಿಪಾಠ ಮಾಡಬೇಕಿಲ್ಲ.

ಕೋಷ್ಟಕ ತುಂಬೋಣ

ಸಾಲಿಗೊಂದು ಮಾಲು, ಕಾಲಂಗೊಂದು ಜಾಗ. 7 ಕ್ವಿಂಟಲ್ ಮಾತ್ರ ಬೇಕಿದ್ದರೂ 0ರಿಂದ 7ರವರೆಗೆ ಎಲ್ಲ ಜಾಗಗಳಿಗೂ ಲೆಕ್ಕ ಮಾಡುತ್ತೇವೆ. ಕೆಳಗಿನ ಸಾಲಿಗೆ ಯಾವ ಉಳಿದ ಜಾಗ ಬೇಕಾಗುತ್ತದೆಂದು ಮೊದಲೇ ಗೊತ್ತಿರುವುದಿಲ್ಲ, ಅಲ್ವಾ?

| | 0 | 1 | 2 | 3 | 4 | 5 | 6 | 7 |
|---|---|---|---|---|---|---|---|---|
| ಏನೂ ಇಲ್ಲ | 0 | 0 | 0 | 0 | 0 | 0 | 0 | 0 |
| ಹಿಂಡಿ | 0 | 0 | 200 | 200 | 200 | 200 | 200 | 200 |
| ಜೋಳ | 0 | 0 | 200 | 450 | 450 | 650 | 650 | 650 |
| ಕಲ್ಲು | 0 | 0 | 200 | 450 | 640 | 650 | 840 | 1090 |
| ಬೇಳೆ | 0 | 0 | 200 | 450 | 640 | 850 | 850 | 1090 |

ಕಲ್ಲಿನ ಸಾಲಿನಲ್ಲಿ 5ನೇ ಕಾಲಂ ನೋಡಿ. ಕಲ್ಲು ಹೇರಿದರೆ 640, ಉಳಿದ 1 ಕ್ವಿಂಟಲ್‌ನಲ್ಲಿ ಏನೂ ಹಿಡಿಸುವುದಿಲ್ಲ. ಬಿಟ್ಟರೆ ಮೇಲಿನ ಸಾಲಿನ 650, ಅಂದರೆ ಹಿಂಡಿ ಮತ್ತು ಜೋಳ. 650 ದೊಡ್ಡದು, ಕಲ್ಲು ಹೊರಗೆ. ಅದೇ ಸಾಲಿನ 7ನೇ ಕಾಲಂಗೆ ಬನ್ನಿ. ಕಲ್ಲು ಹೇರಿದರೆ 640, ಉಳಿದದ್ದು 3 ಕ್ವಿಂಟಲ್. ಮೇಲಿನ ಸಾಲಿನ 3ನೇ ಕಾಲಂನಲ್ಲಿ 450 ಇದೆ. ಒಟ್ಟು 1090, ಬಿಟ್ಟರೆ 650 ಮಾತ್ರ. ಒಂದೇ ಕಲ್ಲು 5 ಕ್ವಿಂಟಲ್ ಜಾಗದಲ್ಲಿ ಬೇಡವಾಯಿತು, 7ರಲ್ಲಿ ಬೇಕಾಯಿತು. ಮಾಲಿನ ಬೆಲೆ ಅದರ ಜೊತೆ ಉಳಿಯುವ ಜಾಗದ ಮೇಲೆ ನಿಂತಿದೆ. ಕೋಷ್ಟಕ ಹಿಡಿದಿಡುವುದು ಇದನ್ನೇ.

ಬೇಳೆಯ ಸಾಲಿನ ಕೊನೆಯ ಮನೆಯಲ್ಲಿ 850 + 200 = 1050ಕ್ಕೂ ಮೇಲಿನ 1090ಕ್ಕೂ ಸ್ಪರ್ಧೆ. ಮೇಲಿನದು ಗೆಲ್ಲುತ್ತದೆ.

ಬಾಡಿಗೆ ಎಷ್ಟು ಎಂದು ಗೊತ್ತಾಯಿತು. ಆದರೆ ಹಮಾಲರಿಗೆ ಯಾವ ಮಾಲು ಎತ್ತಿ ಎಂದು ಹೇಳಬೇಕಲ್ಲ. ಅದಕ್ಕೆ ಕೊನೆಯ ಮನೆಯಿಂದ ಮೇಲಕ್ಕೆ ಹೋಗಬೇಕು. ಬೇಳೆಯ ಸಾಲಿನ 1090 ಮತ್ತು ಅದರ ಮೇಲಿನ 1090 ಒಂದೇ, ಹಾಗಾಗಿ ಬೇಳೆ ಇಲ್ಲ. ಕಲ್ಲಿನ 1090 ಮತ್ತು ಮೇಲಿನ 650 ಬೇರೆ, ಹಾಗಾಗಿ ಕಲ್ಲು ಇದೆ. ಈಗ 4 ಕಾಲಂ ಎಡಕ್ಕೆ ಸರಿದು 3ಕ್ಕೆ ಬನ್ನಿ. ಜೋಳದ 450, ಮೇಲಿನ 200. ಬೇರೆ ಬೇರೆ, ಜೋಳ ಇದೆ. ಇನ್ನು 0ನೇ ಕಾಲಂ, ಜಾಗ ಮುಗಿಯಿತು. ಕಲ್ಲು, ಜೋಳ. ಎಡಕ್ಕೆ ಸರಿಯುವುದನ್ನು ಮರೆತು ನೇರ ಮೇಲೆ ಹೋದರೆ ಜೋಳದ ಜೊತೆ ಹಿಂಡಿಯೂ ಪಟ್ಟಿಗೆ ಸೇರಿ 9 ಕ್ವಿಂಟಲ್ ಆಗುತ್ತದೆ. ಆದ್ದರಿಂದ ಪಟ್ಟಿ ಸಿಕ್ಕ ಮೇಲೆ ಭಾರವನ್ನೂ ಬಾಡಿಗೆಯನ್ನೂ ಒಮ್ಮೆ ಕೂಡಿಸಿ ನೋಡಿ.

ಒಂದೇ ಸಾಲಿನಲ್ಲಿ ಬರೆಯುವಾಗ

ಪ್ರತಿ ಸಾಲಿಗೂ ಅದರ ಮೇಲಿನ ಸಾಲು ಮಾತ್ರ ಬೇಕು. ಹಾಗಾಗಿ ಬಾಡಿಗೆಯ ಮೊತ್ತವಷ್ಟೇ ಸಾಕಾದರೆ ಒಂದೇ ಸಾಲನ್ನು ಇಟ್ಟುಕೊಂಡು ಅದನ್ನೇ ತಿದ್ದುತ್ತಾ ಹೋಗಬಹುದು.

```python
W = 7
wt = [2, 3, 4, 5]
v = [200, 450, 640, 850]
best = [0] * (W + 1)
for i in range(len(wt)):
    for w in range(W, wt[i] - 1, -1):
        best[w] = max(best[w], v[i] + best[w - wt[i]])
print(best[W])
```

ಒಳಗಿನ ಲೂಪ್ 7ರಿಂದ ಕೆಳಗೆ ಬರುತ್ತದೆ. ಈ ದಿಕ್ಕು ಬಹಳ ಮುಖ್ಯ. ಕೆಳಗಿನಿಂದ ಮೇಲಕ್ಕೆ ಹೋದರೆ ಹಿಂಡಿಯನ್ನೇ ನೋಡಿ: `best[2]` 200 ಆಗುತ್ತದೆ. ಮುಂದೆ `best[4]` ಲೆಕ್ಕ ಮಾಡುವಾಗ ಈಗಾಗಲೇ ಹಿಂಡಿ ಸೇರಿರುವ `best[2]` ಸಿಗುತ್ತದೆ, 400 ಬರುತ್ತದೆ. ಇರುವುದು ಒಂದೇ ಲೋಡ್ ಹಿಂಡಿ, ಪ್ರೋಗ್ರಾಂ ಎರಡು ಸಲ ಹೇರಿತು. ಮೇಲಿನಿಂದ ಬಂದರೆ `best[w - wt[i]]` ಇನ್ನೂ ಹಳೆಯ ಸಾಲಿನದ್ದೇ ಆಗಿರುತ್ತದೆ.

ಈ ತಪ್ಪು ಸುಲಭವಾಗಿ ಅಡಗಿಕೊಳ್ಳುತ್ತದೆ. ನಮ್ಮ ಉದಾಹರಣೆಯಲ್ಲಿ ದಿಕ್ಕು ತಿರುಗಿಸಿದರೂ `best[7]` 1090 ಎಂದೇ ಬರುತ್ತದೆ! ಅದನ್ನು ಹಿಡಿಯಲು `W = 6` ಇಟ್ಟು ನೋಡಿ. ಸರಿಯಾದ ಉತ್ತರ 850. ತಪ್ಪು ದಿಕ್ಕಿನಲ್ಲಿ 900 ಬರುತ್ತದೆ, ಅಂದರೆ ಜೋಳ ಎರಡು ಸಲ. ನಾಲ್ಕು ಬಾಡಿಗೆಗಳನ್ನು ಹೇಗೆ ಕೂಡಿಸಿದರೂ 900 ಸಿಗುವುದಿಲ್ಲ. ಬರೀ ಕೊನೆಯ ಸಂಖ್ಯೆ ನೋಡದೆ ಪ್ರತಿ ಮಾಲಿನ ನಂತರ ಇಡೀ `best` ಪ್ರಿಂಟ್ ಮಾಡಿ ಮೇಲಿನ ಕೋಷ್ಟಕದ ಜೊತೆ ಹೋಲಿಸುವುದು ಒಳ್ಳೆಯದು.

ಇನ್ನೊಂದು ಪೈಥಾನ್‌ನದ್ದೇ ಸಮಸ್ಯೆ. ಲೂಪ್ `wt[i]`ಯಲ್ಲಿ ನಿಲ್ಲದೆ 0ಯವರೆಗೆ ಇಳಿದರೆ `w - wt[i]` ಋಣ ಸಂಖ್ಯೆಯಾಗುತ್ತದೆ. ಪೈಥಾನ್ ಎರರ್ ಕೊಡುವುದಿಲ್ಲ, ಸುಮ್ನೆ ಪಟ್ಟಿಯ ಹಿಂದಿನ ತುದಿಯಿಂದ ಸಂಖ್ಯೆ ತರುತ್ತದೆ. ಗುರುತಿಸುವುದು ಸುಲಭ: `best[0]` ಯಾವಾಗಲೂ 0 ಆಗಿರಬೇಕು. ಜಾಗವೇ ಇಲ್ಲದ ಟೆಂಪೊಗೆ ಬಾಡಿಗೆ ಬರುವುದಿಲ್ಲ.

ಕ್ವಿಂಟಲ್ ಇಡಬೇಕಾ, ಕಿಲೊ ಇಡಬೇಕಾ

ಎಲ್ಲ ಸೇರಿಕೆಗಳನ್ನೂ ಪರೀಕ್ಷಿಸಿದರೆ ನಾಲ್ಕು ಮಾಲಿಗೆ 16 ದಾರಿಗಳು. 40 ಮಾಲಿಗೆ ಒಂದು ಲಕ್ಷ ಕೋಟಿಗೂ ಹೆಚ್ಚು. ಕೋಷ್ಟಕದಲ್ಲಿ 40 ಮಾಲು, 700 ಕಿಲೊ ಎಂದರೆ 40 × 701 = 28,040 ಮನೆಗಳು ಅಷ್ಟೇ. ಕಂಪ್ಯೂಟರ್‌ಗೆ ಇದು ಏನೂ ಅಲ್ಲ.

ಆದರೆ ಮನೆಗಳ ಸಂಖ್ಯೆ ಮಾಲುಗಳ ಜೊತೆಗೆ ನಾವು ಆರಿಸಿದ ಅಳತೆಯ ಮೇಲೂ ನಿಂತಿದೆ. ಅದೇ ಟೆಂಪೊವನ್ನು ಗ್ರಾಂನಲ್ಲಿ ಬರೆದರೆ ಕಾಲಂಗಳು 7 ಲಕ್ಷ ದಾಟುತ್ತವೆ. ಮಾಲು ಅಷ್ಟೇ, ಕೆಲಸ ಸಾವಿರ ಪಟ್ಟು. ರಿಚರ್ಡ್ ಕಾರ್ಪ್ 1972ರಲ್ಲಿ ಕೊಟ್ಟ 21 ಕಠಿಣ ಸಮಸ್ಯೆಗಳ ಪಟ್ಟಿಯಲ್ಲಿ ನ್ಯಾಪ್‌ಸ್ಯಾಕ್ ಇದೆ. ಎಲ್ಲ ಸಂದರ್ಭಕ್ಕೂ ವೇಗವಾದ ದಾರಿ ಯಾರಿಗೂ ಗೊತ್ತಿಲ್ಲದ ಸಮಸ್ಯೆಗಳು ಅವು, ಈ ಕೋಷ್ಟಕ ಅದನ್ನು ಸುಳ್ಳು ಮಾಡುವುದಿಲ್ಲ. ಭಾರದ ಸಂಖ್ಯೆಗಳು ಚಿಕ್ಕದಾಗಿರುವವರೆಗೆ ಮಾತ್ರ ಇದು ವೇಗವಾಗಿದೆ.

ಹಾಗೆಂದು ಭಾರವನ್ನು ಹೇಗೆಂದರೆ ಹಾಗೆ ದುಂಡಾಗಿಸಬೇಡಿ. 3.4 ಮತ್ತು 4.4 ಕ್ವಿಂಟಲ್ ಮಾಲನ್ನು 3 ಮತ್ತು 4 ಎಂದು ಬರೆದರೆ ಕೋಷ್ಟಕ ಎರಡನ್ನೂ ಹೇರಿಸುತ್ತದೆ, ಟೆಂಪೊದಲ್ಲಿ 7.8 ಕ್ವಿಂಟಲ್ ಕೂರುತ್ತದೆ. ಯಾವಾಗಲೂ ಮೇಲಕ್ಕೆ ದುಂಡಾಗಿಸಿದರೆ ಓವರ್‌ಲೋಡ್ ಆಗುವುದಿಲ್ಲ. ಆದರೆ 3.2 ಮತ್ತು 3.8 ಆಗ 4 ಮತ್ತು 4 ಆಗಿ, ನಿಜಕ್ಕೂ ಹಿಡಿಸುವ ಲೋಡ್ ಕೈತಪ್ಪುತ್ತದೆ. ನನಗೆ ಹಿಡಿಸುವ ದಾರಿ, ಎಲ್ಲ ಭಾರಗಳನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಅಳತೆಯನ್ನು ಹುಡುಕುವುದು. ಎಲ್ಲ ಮಾಲೂ 50 ಕಿಲೊ ಚೀಲಗಳಲ್ಲಿದ್ದರೆ ಚೀಲವೇ ಅಳತೆ: ಟೆಂಪೊಗೆ 14 ಚೀಲ, 15 ಕಾಲಂ, ದುಂಡಾಗಿಸುವ ಗೊಡವೆಯೇ ಇಲ್ಲ. ಟೆಂಪೊದ ಮಿತಿ ಆ ಅಳತೆಗೆ ಸರಿಯಾಗಿ ಸಿಗದಿದ್ದರೆ ಮಿತಿಯನ್ನು ಮಾತ್ರ ಕೆಳಕ್ಕೆ ಇಳಿಸಿ. 730 ಕಿಲೊ ಎಂದರೂ 14 ಚೀಲವೇ, 15ನೆಯದು ಹೇಗೂ ಹಿಡಿಸುತ್ತಿರಲಿಲ್ಲ.