ಫ್ಲೋಟರ್ಸ್ ಮತ್ತು ಫ್ಲ್ಯಾಶಸ್: ಕಣ್ಣ ಮುಂದೆ ತೇಲುವ ಚುಕ್ಕೆ, ಅಂಚಿನಲ್ಲಿ ಮಿಂಚು

ಬಿಳಿ ಗೋಡೆಯನ್ನೋ ತಿಳಿಯಾದ ಆಕಾಶವನ್ನೋ ನೋಡುವಾಗ ಕಣ್ಣ ಮುಂದೆ ಚುಕ್ಕೆ, ಎಳೆ, ಸಣ್ಣ ಬಲೆಯಂಥದ್ದು ತೇಲುತ್ತದೆ. ಸರಿಯಾಗಿ ನೋಡೋಣ ಎಂದು ಕಣ್ಣು ತಿರುಗಿಸಿದರೆ ಅದೂ ಜಾರಿಕೊಳ್ಳುತ್ತದೆ. ಇದೇ ಫ್ಲೋಟರ್ಸ್. "ಸೊಳ್ಳೆ ಹಾರಾಡಿದ ಹಾಗಾಗುತ್ತೆ ಡಾಕ್ಟ್ರೇ" ಎಂದು ಜನ ಹೇಳುವುದು ಇದನ್ನೇ. ಕತ್ತಲಲ್ಲಿ ಕಣ್ಣು ಹೊರಳಿಸಿದಾಗ ಪಕ್ಕದಲ್ಲಿ ಒಂದು ಕ್ಷಣ ಮಿಂಚಿದಂತಾದರೆ ಅದು ಫ್ಲ್ಯಾಶಸ್.

ನಮ್ಮ ಕಣ್ಣುಗುಡ್ಡೆಯ ಒಳಗೆ ವಿಟ್ರಿಯಸ್ ಎಂಬ ತಿಳಿಯಾದ ಲೋಳೆ ತುಂಬಿರುತ್ತದೆ. ಸುಮಾರು 4 ಮಿಲಿಲೀಟರ್, ಬಹುತೇಕ ನೀರೇ. ತೀರಾ ತೆಳ್ಳಗಿನ ಕೊಲಾಜೆನ್ ಎಳೆಗಳು ಅದನ್ನು ಹಿಡಿದಿಟ್ಟಿರುತ್ತವೆ. ವಯಸ್ಸಾದ ಹಾಗೆ ಈ ಲೋಳೆ ಅಲ್ಲಲ್ಲಿ ನೀರಾಗುತ್ತದೆ, ಎಳೆಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಆ ಗಂಟಿನ ನೆರಳು ಹಿಂದೆ ಬೆಳಕನ್ನು ಗ್ರಹಿಸುವ ರೆಟಿನಾ ಪದರದ ಮೇಲೆ ಬೀಳುತ್ತದೆ. ನಮಗೆ ಕಾಣುವುದು ಆ ನೆರಳು. ಅದಕ್ಕೇ ಬಿಸಿಲಿನಲ್ಲಿ ಅದು ಜಾಸ್ತಿ ಎದ್ದು ಕಾಣುತ್ತದೆ.

ಸಾಮಾನ್ಯವಾಗಿ 50 ದಾಟಿದ ಮೇಲೆ ಇನ್ನೊಂದು ಬದಲಾವಣೆ ಆಗುತ್ತದೆ. ಕುಗ್ಗಿದ ಲೋಳೆ ರೆಟಿನಾದಿಂದ ಬಿಡಿಸಿಕೊಂಡು ಮುಂದಕ್ಕೆ ಸರಿಯುತ್ತದೆ. ಡಾಕ್ಟರುಗಳು ಇದನ್ನು ಪಿವಿಡಿ ಎನ್ನುತ್ತಾರೆ. ಕಣ್ಣಿನ ನರದ ಸುತ್ತ ಅಂಟಿಕೊಂಡಿದ್ದ ಭಾಗ ಕಿತ್ತು ಬಂದಾಗ ಕೆಲವರಿಗೆ ಉಂಗುರದಂಥ ಆಕಾರವೇ ಕಾಣುತ್ತದೆ. ಬಿಡಿಸಿಕೊಳ್ಳುವಾಗ ಲೋಳೆ ರೆಟಿನಾವನ್ನು ಎಳೆಯುತ್ತದೆ. ರೆಟಿನಾಗೆ ನೋವು ಗೊತ್ತಿಲ್ಲ, ಎಳೆದರೂ ಅದು ಬೆಳಕನ್ನೇ ತೋರಿಸುತ್ತದೆ. ಮಿಂಚು ಕಾಣುವುದು ಅದರಿಂದ. ಹೆಚ್ಚಿನವರಿಗೆ ಇದು ವಯಸ್ಸಿನ ಸಹಜ ಬದಲಾವಣೆ ಅಷ್ಟೆ. ಕೆಲವು ವಾರಗಳಲ್ಲಿ ಮಿಂಚು ಕಡಿಮೆಯಾಗುತ್ತದೆ, ಚುಕ್ಕೆಗಳತ್ತ ಗಮನ ಹೋಗದಿರಲು ತಿಂಗಳುಗಳೇ ಬೇಕು.

ಆದರೆ ಲೋಳೆ ಕೆಲವು ಕಡೆ ರೆಟಿನಾಗೆ ಗಟ್ಟಿಯಾಗಿ ಅಂಟಿರುತ್ತದೆ. ಅಲ್ಲಿ ಎಳೆತ ಜೋರಾದರೆ ರೆಟಿನಾನೇ ಹರಿಯುತ್ತದೆ. ಹರಿದ ಜಾಗದಿಂದ ನೀರು ಹಿಂದಕ್ಕೆ ನುಗ್ಗಿ, ಒದ್ದೆ ಗೋಡೆಯ ಸುಣ್ಣ ಏಳುವ ಹಾಗೆ ಪದರ ಎದ್ದು ಬರುತ್ತದೆ. ಇದೇ ರೆಟಿನಲ್ ಡಿಟ್ಯಾಚ್‌ಮೆಂಟ್.

ಒಂದು ಉದಾಹರಣೆ ನೋಡೋಣ. 58 ವರ್ಷದ ಹೆಂಗಸು, ಮೈನಸ್ 6ರ ಕನ್ನಡಕ. ರಾತ್ರಿ ಬಲಗಣ್ಣಿನ ಅಂಚಿನಲ್ಲಿ ಮಿಂಚು ಬಂತು, ಬೆಳಗ್ಗೆ ಹೊಸ ಚುಕ್ಕೆಗಳು. ನೋವಿಲ್ಲ, ಪೇಪರ್ ಚೆನ್ನಾಗೇ ಓದಬಹುದು. ಈ ಲಕ್ಷಣಗಳಿಂದಷ್ಟೇ ರೆಟಿನಾ ಹರಿದಿದೆಯೋ ಇಲ್ಲವೋ ಎಂದು ಅವರಿಗೂ ಗೊತ್ತಾಗುವುದಿಲ್ಲ, ಡಾಕ್ಟರಿಗೂ ಗೊತ್ತಾಗುವುದಿಲ್ಲ. ಹೀಗೆ ಹೊಸದಾಗಿ ಶುರುವಾಗಿ ತೋರಿಸಿಕೊಳ್ಳಲು ಬರುವವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ರೆಟಿನಾ ಹರಿದಿರುತ್ತದೆ. ಅದಕ್ಕೇ ಅವತ್ತೇ ಹೋಗಿ ಎನ್ನುವುದು. ಡ್ರಾಪ್ಸ್ ಹಾಕಿ, ಅರ್ಧ ಗಂಟೆ ಕೂರಿಸಿ, ಪಾಪೆ ಹಿಗ್ಗಿದ ಮೇಲೆ ತಲೆಗೆ ಲೈಟು ಕಟ್ಟಿಕೊಂಡು ಲೆನ್ಸ್ ಹಿಡಿದು ರೆಟಿನಾದ ಅಂಚಿನವರೆಗೂ ನೋಡುತ್ತಾರೆ. ಕನ್ನಡಕದ ಅಂಗಡಿಯ ಕಂಪ್ಯೂಟರ್ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ.

ಮೇಲಿನ ಅಂಚಿನಲ್ಲಿ ಹರಿದಿದ್ದು ಕಂಡರೆ ಅದರ ಸುತ್ತ ಲೇಸರ್ ಹಾಕಿ ಬೇಲಿ ಕಟ್ಟುತ್ತಾರೆ. ಅದೇ ದಿನ ಮನೆಗೆ ಹೋಗಬಹುದು. ಲೇಸರ್ ಗಾಯ ಗಟ್ಟಿಯಾಗಲು ಒಂದೆರಡು ವಾರ ಬೇಕು. ಏನೂ ಸಿಗದಿದ್ದರೂ ನಾಲ್ಕಾರು ವಾರ ಬಿಟ್ಟು ಮತ್ತೆ ಬನ್ನಿ ಎನ್ನುತ್ತಾರೆ, ಲೋಳೆ ಇನ್ನೂ ಎಳೆಯುತ್ತಿದ್ದರೆ ಆಮೇಲೂ ಹರಿಯಬಹುದು. ಮತ್ತೆ ತೋರಿಸುವುದನ್ನು ದಯವಿಟ್ಟು ತಪ್ಪಿಸಬೇಡಿ.

ಸುಮ್ನೆ ಕೂತರೆ ಏನಾಗುತ್ತದೆ? ರೆಟಿನಾದ ಮೇಲೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ, ಮೇಲ್ಭಾಗ ಎದ್ದರೆ ನೋಟದ ಕೆಳಗಿನಿಂದ ಕಪ್ಪು ನೆರಳು ಏರಿ ಬರುತ್ತದೆ. ಪದರ ಏಳುವುದು ರೆಟಿನಾದ ನಡುಭಾಗವಾದ ಮ್ಯಾಕ್ಯುಲಾವರೆಗೂ ತಲುಪಿದ ಮೇಲೆ ಆಪರೇಷನ್ ಮಾಡಿದರೂ ಓದುವ ದೃಷ್ಟಿ ಪೂರ್ತಿ ವಾಪಸ್ ಬರದಿರಬಹುದು. ಹಾಗಾಗಿ ಪರದೆಯಂಥ ನೆರಳು ಕಂಡರೆ, ಮಸಿ ಉದುರಿದಂತೆ ಒಮ್ಮೆಲೇ ನೂರಾರು ಕಪ್ಪು ಚುಕ್ಕೆ ಬಂದರೆ ಅಥವಾ ನೋಟ ಮಂಜಾದರೆ ಒಂದು ಗಂಟೆಯೂ ಕಾಯಬಾರದು. ಮಸಿಯಂಥ ಚುಕ್ಕೆ ಎಷ್ಟೋ ಸಲ ಒಳಗೆ ಜಿನುಗಿದ ರಕ್ತ. ಮೈನಸ್ ಪವರ್ ಜಾಸ್ತಿ ಇರುವವರಿಗೆ, ಪೊರೆ ಆಪರೇಷನ್ ಆದವರಿಗೆ, ಕಣ್ಣಿಗೆ ಏಟು ಬಿದ್ದವರಿಗೆ ಅಪಾಯ ಹೆಚ್ಚು.

ವರ್ಷಗಳಿಂದ ಇರುವ, ಬದಲಾಗದ ಒಂದೆರಡು ಚುಕ್ಕೆಗೆ ಹೆದರಬೇಕಿಲ್ಲ. ಎರಡೂ ಕಣ್ಣಲ್ಲಿ ಅಂಕುಡೊಂಕು ಬೆಳಕು ಹೊಳೆಯುತ್ತಾ ಹರಡಿ, ಇಪ್ಪತ್ತು ಮೂವತ್ತು ನಿಮಿಷದಲ್ಲಿ ಹೋಗುವುದು ಹೆಚ್ಚಾಗಿ ಮೈಗ್ರೇನ್. ಯಾವ ಕಣ್ಣಲ್ಲಿ ಎಂದು ತಿಳಿಯಲು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಆಸ್ಪತ್ರೆಗೆ ಹೋಗುವಾಗ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ, ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಗಾಡಿ ಓಡಿಸಲು ಆಗುವುದಿಲ್ಲ.